ಎರಡು ಹಳದಿ, ಮೂರು ಬಿಳಿ

ಪ್ರಶ್ನೆ: ನಮ್ಮ ಮನೆ ಕುಂದಾಪುರದ ಹತ್ತಿರ. ಮಗಳ ಲ್ಯಾಪ್‌ಟಾಪ್ ಮಳೆಗಾಲದಲ್ಲಿ ಎರಡು ತಿಂಗಳು ಬಳಸದೆ ಕಪಾಟಿನಲ್ಲಿತ್ತು. ಈಗ ಪವರ್ ಬಟನ್ ಒತ್ತಿದರೆ ಕೀಬೋರ್ಡಿನ ಲೈಟು ಒಮ್ಮೆ ಹತ್ತಿ ಆರುತ್ತದೆ, ಫ್ಯಾನ್ ತಿರುಗುತ್ತದೆ, ಸ್ಕ್ರೀನ್ ಮಾತ್ರ ಕಪ್ಪು. ಮುಂಭಾಗದ ಸಣ್ಣ ಲೈಟು ಐದು ಸಲ ಮಿಣುಕಿ, ನಿಂತು, ಮತ್ತೆ ಐದು ಸಲ ಮಿಣುಕುತ್ತದೆ. ಅಂಗಡಿಯವರು ಮದರ್‌ಬೋರ್ಡ್ ಹೋಗಿದೆ, 14,000 ರೂಪಾಯಿ ಆಗುತ್ತದೆ ಎಂದರು. ಈ ಮಿಣುಕಿಗೆ ಏನಾದರೂ ಅರ್ಥ ಇದೆಯೇ? ರಿಪೇರಿ ಮಾಡುವವರು ಅದನ್ನು ಹೇಗೆ ತಿಳಿದುಕೊಳ್ಳುತ್ತಾರೆ? ವಿಡಿಯೋ ಕಳಿಸಿದ್ದೇನೆ.

ಉತ್ತರ: ಅರ್ಥ ಇದೆ. ಆದರೆ ನೀವು ಎಣಿಸಿದ "ಐದು" ಎಂಬ ಸಂಖ್ಯೆಗೆ ಅರ್ಥವಿಲ್ಲ. ವಿಡಿಯೋವನ್ನು ನಿಧಾನಗತಿಯಲ್ಲಿ ಓಡಿಸಿ ನೋಡಿದೆ. ಮೊದಲ ಸುತ್ತು ಅರ್ಧದಿಂದ ಶುರುವಾಗಿದೆ, ಅದನ್ನು ಬಿಟ್ಟೆ. ಆಮೇಲಿನ ಮೂರೂ ಸುತ್ತುಗಳಲ್ಲಿ ಒಂದೇ ಕ್ರಮ ಕಂಡಿತು: ಎರಡು ಸಲ ಹಳದಿ, ಚಿಕ್ಕ ವಿರಾಮ, ಮೂರು ಸಲ ಬಿಳಿ, ಮತ್ತೆ ವಿರಾಮ. ಹಾಗಾಗಿ ಇದು ಐದಲ್ಲ, "ಎರಡು, ಮೂರು".

ಈ ವ್ಯತ್ಯಾಸ ದೊಡ್ಡದು. ಹೀಗೆ ಹಳದಿಯನ್ನೂ ಬಿಳಿಯನ್ನೂ ಬೇರೆಬೇರೆಯಾಗಿ ಎಣಿಸುವ ಪದ್ಧತಿ ಡೆಲ್ ಲ್ಯಾಪ್‌ಟಾಪ್‌ಗಳದು. ಅದರ ಪಟ್ಟಿಯಲ್ಲಿ 2,3 ಎಂದರೆ ಮೆಮೊರಿ, ಅಂದರೆ ರ‍್ಯಾಮ್, ಕಾಣಿಸುತ್ತಿಲ್ಲ ಎಂದು. 3,2 ಆಗಿದ್ದರೆ ಗ್ರಾಫಿಕ್ಸ್ ಕಡೆಯ ದೋಷ. 4,1 ಆಗಿದ್ದರೆ ರ‍್ಯಾಮಿಗೆ ಕರೆಂಟು ಕೊಡುವ ಸರ್ಕ್ಯೂಟಿನ ದೋಷ. ಮೂರನ್ನೂ ಕೂಡಿಸಿದರೆ ಐದೇ. ಮೊದಲನೆಯದು ಕೆಲವೊಮ್ಮೆ ಹತ್ತು ನಿಮಿಷದ ಕೆಲಸ, ಕೊನೆಯದು ಬೋರ್ಡ್ ಬಿಚ್ಚಿ ಮೀಟರ್ ಹಿಡಿಯಬೇಕಾದ ಕೆಲಸ. ಬಣ್ಣ ನೋಡದೆ ಎಣಿಸಿದವರಿಗೆ ಎಲ್ಲವೂ ಒಂದೇ ತರಹ ಕಾಣುತ್ತವೆ.

ನೀವು ಕಂಪನಿಯ ಹೆಸರನ್ನೂ ಮಾಡೆಲನ್ನೂ ಬರೆದಿಲ್ಲ. ಹಳದಿ-ಬಿಳಿ ಜೋಡಿ ನೋಡಿ ಡೆಲ್ ಪದ್ಧತಿ ಎಂದು ಅಂದಾಜು ಮಾಡಿ ಮುಂದೆ ಬರೆಯುತ್ತಿದ್ದೇನೆ, ಅಡಿಯ ಸ್ಟಿಕರ್ ನೋಡಿ ಖಚಿತ ಮಾಡಿಕೊಳ್ಳಿ. ಅಂದಾಜು ಯಾಕೆ ಸಾಲದು ಎಂದರೆ, ಮಿಣುಕಿಗೆ ಎಲ್ಲ ಕಂಪನಿಗಳಿಗೂ ಹೊಂದುವ ನಿಘಂಟು ಇಲ್ಲ. ಮೂರು ಮಿಣುಕನ್ನೇ ತೆಗೆದುಕೊಳ್ಳಿ. ಎಚ್‌ಪಿಯ ಹಳೆಯ ಪಟ್ಟಿಯಲ್ಲಿ ಕ್ಯಾಪ್ಸ್ ಲಾಕ್ ಲೈಟು ಮೂರು ಸಲ ಮಿಣುಕಿದರೆ ಮೆಮೊರಿ ದೋಷ. ಡೆಲ್‌ನಲ್ಲಿ ಮೂರು ಹಳದಿಯ ನಂತರ ಒಂದು ಬಿಳಿ ಬಂದರೆ ಗಡಿಯಾರ ನಡೆಸುವ ಗುಂಡಿ ಸೆಲ್ ಮುಗಿದಿದೆ ಎಂದು. ಥಿಂಕ್‌ಪ್ಯಾಡ್‌ಗಳಲ್ಲಿ ಲೈಟು ಮೂರು ಸಲ ಮಿಣುಕಿದರೆ ಏನೂ ಕೆಟ್ಟಿಲ್ಲ, ಚಾರ್ಜರ್ ಈಗ ತಾನೇ ಸಿಕ್ಕಿಸಿದ್ದೀರಿ ಎಂದಷ್ಟೇ. ಇದನ್ನು ದೋಷ ಎಂದುಕೊಂಡು ರಿಪೇರಿಗೆ ತಂದವರನ್ನು ನಾನು ಕಂಡಿದ್ದೇನೆ. ಪಾಪ, ಬಸ್ ಚಾರ್ಜು ದಂಡ.

ಇನ್ನು ಈ ಲೈಟನ್ನು ಮಿಣುಕಿಸುವವರು ಯಾರು? ಪ್ರೊಸೆಸರ್ ಅಲ್ಲ. ಮದರ್‌ಬೋರ್ಡಿನಲ್ಲಿ ಎಂಬೆಡೆಡ್ ಕಂಟ್ರೋಲರ್ ಎಂಬ ಸಣ್ಣ ಚಿಪ್ ಇರುತ್ತದೆ, ನಮ್ಮ ಬಾಯಲ್ಲಿ ಇಸಿ. ಪವರ್ ಬಟನ್ ಒತ್ತಿದ್ದನ್ನು ಗಮನಿಸುವುದು, ಕರೆಂಟಿನ ಹಾದಿಗಳನ್ನು ಒಂದರ ಹಿಂದೆ ಒಂದು ತೆರೆಯುವುದು, ಫ್ಯಾನ್ ತಿರುಗಿಸುವುದು, ಬ್ಯಾಟರಿ ಚಾರ್ಜ್ ನೋಡಿಕೊಳ್ಳುವುದು, ಕೀಬೋರ್ಡಿನ ಕೀಲಿಗಳನ್ನು ಓದುವುದು ಎಲ್ಲ ಇದರ ಕೆಲಸ. ಪ್ರೊಸೆಸರ್ ಏಳುವ ಮೊದಲೇ ಇದು ಎದ್ದಿರುತ್ತದೆ. ಕೀಬೋರ್ಡೂ ಪವರ್ ಲೈಟೂ ಇದರ ಕೈಯಲ್ಲೇ ಇರುವುದರಿಂದ ಸ್ಕ್ರೀನ್ ಹತ್ತದಿದ್ದರೂ ಇದಕ್ಕೆ ಸುದ್ದಿ ಹೇಳಲು ದಾರಿ ಇರುತ್ತದೆ.

ಬಟನ್ ಒತ್ತಿದ ಮೇಲೆ ಬಯಾಸ್, ಅಂದರೆ ಯಂತ್ರವನ್ನು ಎಬ್ಬಿಸುವ ಮೊದಲ ಪ್ರೋಗ್ರಾಮ್, ಒಂದೊಂದೇ ಹಂತ ದಾಟುತ್ತದೆ: ಪ್ರೊಸೆಸರ್, ರ‍್ಯಾಮ್, ಗ್ರಾಫಿಕ್ಸ್, ಸ್ಕ್ರೀನ್. ಇಸಿ ಪಕ್ಕದಲ್ಲಿ ಗಡಿಯಾರ ಹಿಡಿದು ಕೂತಿರುತ್ತದೆ. ಹೇಳಿದ ಹೊತ್ತಿನೊಳಗೆ ಮುಂದಿನ ಹಂತದ ಸುದ್ದಿ ಬರದಿದ್ದರೆ ಎಲ್ಲಿ ನಿಂತಿತೋ ಆ ಹಂತದ ಸಂಖ್ಯೆಯನ್ನು ಲೈಟಿನಲ್ಲಿ ತೋರಿಸುತ್ತದೆ. ಎಚ್‌ಪಿಯ ಈಚಿನ ಪಟ್ಟಿಯಲ್ಲಿ ಮೂರು ಕೆಂಪು, ಎರಡು ಬಿಳಿ ಎಂಬ ಸಂಕೇತಕ್ಕೆ ಕೊಟ್ಟಿರುವ ವಿವರಣೆ ಇದನ್ನೇ ಬಿಚ್ಚಿ ಹೇಳುತ್ತದೆ: ಮೆಮೊರಿ ಸಿದ್ಧಪಡಿಸಲು ಹೋದ ಬಯಾಸ್ ವಾಪಸ್ ಬರಲಿಲ್ಲ, ಇಸಿ ಕಾದು ಕಾದು ಬಿಟ್ಟಿತು ಎಂದು. ಗಮನಿಸಿ, ಅಲ್ಲಿ "ರ‍್ಯಾಮ್ ಕೆಟ್ಟಿದೆ" ಎಂದಿಲ್ಲ.

ನಾನು ಹೇಳಬೇಕಾದ ಮುಖ್ಯ ಮಾತು ಇದೇ. ಮಿಣುಕು ಹೇಳುವುದು ಬಂಡಿ ಎಲ್ಲಿ ನಿಂತಿದೆ ಎಂದು, ಯಾಕೆ ನಿಂತಿದೆ ಎಂದಲ್ಲ. ರ‍್ಯಾಮ್ ಹಂತದಲ್ಲಿ ನಿಂತಿದ್ದಕ್ಕೆ ರ‍್ಯಾಮೇ ಕಾರಣ ಇರಬಹುದು. ಅದು ಕೂರುವ ಸ್ಲಾಟಿನಲ್ಲಿ ತುಕ್ಕು ಕೂತಿರಬಹುದು. ಅದಕ್ಕೆ ಬರಬೇಕಾದ ವೋಲ್ಟೇಜ್ ಬಾರದಿರಬಹುದು. ರ‍್ಯಾಮನ್ನು ಮಾತಾಡಿಸುವ ಭಾಗ ಈಗ ಪ್ರೊಸೆಸರಿನ ಒಳಗೇ ಇರುವುದರಿಂದ ಪ್ರೊಸೆಸರೇ ಕೈಕೊಟ್ಟಿರಲೂಬಹುದು. ನಿಮ್ಮ ಅಂಗಡಿಯವರು ಹೇಳಿದ್ದು ಸುಳ್ಳು ಎಂದು ನಾನು ಹೇಳಲಾರೆ. ಆದರೆ ಈ ನಾಲ್ಕರಲ್ಲಿ ಇಡೀ ಬೋರ್ಡನ್ನೇ ಬದಲಿಸಬೇಕಾಗುವ ಅತಿ ದುಬಾರಿಯದನ್ನು ಅವರು ಮೊದಲೇ ಹೇಳಿಬಿಟ್ಟಿದ್ದಾರೆ, ಬಾಕಿ ಮೂರನ್ನು ನೋಡಿದ ಕುರುಹು ನಿಮ್ಮ ಪತ್ರದಲ್ಲಿ ಕಾಣಲಿಲ್ಲ.

ಅರ್ಥ ಹುಡುಕುವ ಕ್ರಮ ಹೀಗೆ. ಮೊದಲ ಕೆಲಸ ಮಾಡೆಲ್ ಖಚಿತಪಡಿಸಿಕೊಳ್ಳುವುದು. ಡೆಲ್ ಯಂತ್ರದ ಅಡಿಯಲ್ಲಿ ಏಳು ಅಕ್ಷರ-ಅಂಕಿಗಳ ಸರ್ವಿಸ್ ಟ್ಯಾಗ್ ಇರುತ್ತದೆ, ಅದನ್ನು ಕಂಪನಿಯ ಸಪೋರ್ಟ್ ಪುಟದಲ್ಲಿ ಹಾಕಿದರೆ ಆ ಯಂತ್ರದ್ದೇ ಕೈಪಿಡಿ ಸಿಗುತ್ತದೆ. ಅದೇ ಸ್ಟಿಕರಿನ ಮೇಲೆ ಪಿ ಅಕ್ಷರದಿಂದ ಶುರುವಾಗುವ ರೆಗ್ಯುಲೇಟರಿ ಮಾಡೆಲ್ ಎಂಬ ಇನ್ನೊಂದು ನಂಬರ್ ಇರುತ್ತದೆ. ಹಲವರು ಅದನ್ನೇ ಮಾಡೆಲ್ ಎಂದುಕೊಂಡು ಹುಡುಕಿ ಬೇರೆ ಯಾವುದೋ ಯಂತ್ರದ ಪಟ್ಟಿ ಹಿಡಿದುಕೊಳ್ಳುತ್ತಾರೆ. ಕೈಪಿಡಿಯಲ್ಲಿ ನೋಡಬೇಕಾದ ಅಧ್ಯಾಯ "ಸಿಸ್ಟಮ್ ಡಯಾಗ್ನೋಸ್ಟಿಕ್ ಲೈಟ್ಸ್". ಎಚ್‌ಪಿಯಾದರೆ ಗ್ರಾಹಕರ ಪುಸ್ತಿಕೆಗಿಂತ "ಮೇಂಟೆನೆನ್ಸ್ ಅಂಡ್ ಸರ್ವಿಸ್ ಗೈಡ್" ಎಂಬುದನ್ನು ಹುಡುಕಿ.

ಒಂದೇ ಕಂಪನಿಯಲ್ಲೂ ತಲೆಮಾರು ಬದಲಾದಂತೆ ಭಾಷೆ ಬದಲಾಗಿದೆ. ಎಚ್‌ಪಿಯಲ್ಲಿ ಹಿಂದೆ ಕ್ಯಾಪ್ಸ್ ಲಾಕ್ ಮತ್ತು ನಂ ಲಾಕ್ ಲೈಟುಗಳ ಒಂದೇ ಎಣಿಕೆ ಇತ್ತು: ಒಂದಾದರೆ ಪ್ರೊಸೆಸರ್, ಎರಡಾದರೆ ಬಯಾಸ್, ಮೂರಾದರೆ ಮೆಮೊರಿ, ನಾಲ್ಕಾದರೆ ಗ್ರಾಫಿಕ್ಸ್, ಐದಾದರೆ ಸಿಸ್ಟಮ್ ಬೋರ್ಡ್. ಆಮೇಲೆ ಎರಡು ಸಂಖ್ಯೆಗಳ ಜೋಡಿ ಬಂತು. ಡೆಲ್‌ನ ಹಳೆಯ ಲ್ಯಾಟಿಟ್ಯೂಡ್‌ಗಳಲ್ಲಿ ಎಣಿಕೆಯೇ ಇರಲಿಲ್ಲ, ಮೂರು ಲೈಟುಗಳಲ್ಲಿ ಯಾವುದು ಉರಿಯುತ್ತಿದೆ, ಯಾವುದು ಮಿಣುಕುತ್ತಿದೆ ಎಂದು ಒಟ್ಟಿಗೆ ನೋಡಬೇಕಿತ್ತು. ಹಾಗಾಗಿ "ಡೆಲ್ ಬ್ಲಿಂಕ್ ಕೋಡ್" ಎಂದು ಹುಡುಕಿ ಸಿಕ್ಕ ಮೊದಲ ಪಟ್ಟಿಯನ್ನು ನಂಬಬೇಡಿ. ನಾನೂ ಶುರುವಿನಲ್ಲಿ ಒಂದು ಪಟ್ಟಿ ಪ್ರಿಂಟ್ ತೆಗೆದು ಗೋಡೆಗೆ ಅಂಟಿಸಿದ್ದೆ. ಅದನ್ನು ನಂಬಿ ಒಮ್ಮೆ ಸರಿಯಿದ್ದ ಸ್ಕ್ರೀನ್ ಬದಲಿಸಿದ ಮೇಲೆ ಹರಿದು ಹಾಕಿದೆ.

ಎಣಿಸುವುದರಲ್ಲೂ ಒಂದು ಜಾಣತನ ಬೇಕು. ಕೋಣೆ ಸ್ವಲ್ಪ ಕತ್ತಲಾಗಿರಲಿ, ಒಂದು ನಿಮಿಷದ ವಿಡಿಯೋ ತೆಗೆಯಿರಿ, ಅತಿ ಉದ್ದದ ವಿರಾಮದ ನಂತರ ಎಣಿಕೆ ಶುರುಮಾಡಿ, ಮೂರು ಸುತ್ತು ಒಂದೇ ಬರಬೇಕು. ಹಳದಿ ಒಂದು, ಬಿಳಿ ಒಂದು, ಹಳದಿ ಒಂದು, ಬಿಳಿ ಒಂದು ಎಂದು ವಿರಾಮವೇ ಇಲ್ಲದೆ ಬರುತ್ತಿದ್ದರೆ ಅದು 1,1 ಅಲ್ಲ. ಕಂಪನಿಯದಲ್ಲದ ಚಾರ್ಜರ್ ಸಿಕ್ಕಿಸಿದಾಗ ಡೆಲ್‌ನ ಹಲವು ಮಾಡೆಲ್‌ಗಳು ಹೀಗೆ ಮಾಡುತ್ತವೆ. ಅವುಗಳ ಚಾರ್ಜರ್ ಪಿನ್ನಿನ ನಡುವೆ ಸೂಜಿಯಂಥ ಸಣ್ಣ ತಂತಿ ಇರುತ್ತದಲ್ಲ, ಚಾರ್ಜರ್ ಯಾರದೆಂದು ಯಂತ್ರ ತಿಳಿಯುವುದು ಅದರಿಂದಲೇ. ಅದು ಬಾಗಿದರೂ ಇದೇ ಕತೆ. ನಿಮ್ಮ ಮಗಳ ಯಂತ್ರದಲ್ಲಿ ಹತ್ತಿ ಆರುವ ಕೀಬೋರ್ಡ್ ಲೈಟು, ಅಂದರೆ ಕೀಲಿಗಳ ಅಡಿಯ ಬೆಳಕು, ಸಂಕೇತ ಅಲ್ಲ. ಕರೆಂಟು ಬಂದಾಗ ಅದು ಒಮ್ಮೆ ಹತ್ತುವುದು ಸಹಜ.

ಸ್ಕ್ರೀನ್ ಕಪ್ಪಾಗಿರುವ ಯಾವ ಲ್ಯಾಪ್‌ಟಾಪ್ ಬಂದರೂ ನಾನು ಕ್ಯಾಪ್ಸ್ ಲಾಕ್ ಒತ್ತಿ ನೋಡುತ್ತೇನೆ. ಒತ್ತಿದಂತೆಲ್ಲ ಲೈಟು ಹತ್ತಿ ಆರಿದರೆ ಯಂತ್ರ ಒಳಗೆ ಎದ್ದಿದೆ, ಮುಖ ಮಾತ್ರ ತೋರಿಸುತ್ತಿಲ್ಲ ಎಂದರ್ಥ. ಆಗ ಟಾರ್ಚ್ ಹಿಡಿದು ಸ್ಕ್ರೀನಿನಲ್ಲಿ ಮಸುಕು ಚಿತ್ರ ಇದೆಯೇ ನೋಡಬೇಕು, ಇಲ್ಲವೇ ಟಿವಿಗೆ ಎಚ್‌ಡಿಎಂಐ ಕೇಬಲ್ ಹಾಕಿ ನೋಡಬೇಕು. ನಿಮ್ಮ ವಿಡಿಯೋದಲ್ಲಿ ಮಗಳು ಕ್ಯಾಪ್ಸ್ ಲಾಕ್ ಒತ್ತಿದ್ದಾಳೆ, ಲೈಟು ಕದಲಿಲ್ಲ. 2,3ಕ್ಕೆ ಅದು ಹೊಂದುತ್ತದೆ.

ಈಗ ನಿಮ್ಮ ಯಂತ್ರಕ್ಕೆ ಬರೋಣ. ಡೆಲ್‌ನ ಈಚಿನ ಮಾಡೆಲ್‌ಗಳಲ್ಲಿ ಮದರ್‌ಬೋರ್ಡಿಗೇ ಒಂದು ಪರೀಕ್ಷೆ ಇಟ್ಟಿದ್ದಾರೆ. ಯಂತ್ರ ಆಫ್ ಇರುವಾಗ, ಚಾರ್ಜರ್ ಸಿಕ್ಕಿಸಿ, ಕೀಬೋರ್ಡಿನ M ಕೀಲಿಯನ್ನೂ ಪವರ್ ಬಟನನ್ನೂ ಒಟ್ಟಿಗೆ ಒತ್ತಿ ಹಿಡಿಯಬೇಕು. ಬ್ಯಾಟರಿ ಲೈಟು ಹಳದಿಯಾಗಿ ಹತ್ತಿದರೆ ಬೋರ್ಡಿನಲ್ಲಿ ದೋಷ ಕಂಡಿದೆ ಎಂದು, ಹತ್ತದಿದ್ದರೆ ಆ ಪರೀಕ್ಷೆಗೆ ದೋಷ ಕಂಡಿಲ್ಲ ಎಂದು. ಇದು ಬೋರ್ಡಿನ ಪ್ರತಿಯೊಂದು ಎಳೆಯನ್ನೂ ನೋಡುವುದಿಲ್ಲ, ಪಾಸಾದ ಬೋರ್ಡಿನಲ್ಲೂ ರ‍್ಯಾಮ್ ಸ್ಲಾಟ್ ಹಾಳಾಗಿರಬಹುದು. ಆದರೂ 14,000 ಕೊಡುವ ಮೊದಲು ಪುಕ್ಕಟೆಯಾಗಿ ಸಿಗುವ ಎರಡನೆಯ ಅಭಿಪ್ರಾಯ ಇದು.

ಆಮೇಲೆ ರ‍್ಯಾಮ್. ನಿಮ್ಮ ಯಂತ್ರದಲ್ಲಿ ರ‍್ಯಾಮ್ ಕಡ್ಡಿಗಳು ಸ್ಲಾಟಿನಲ್ಲಿವೆಯೇ, ಬೋರ್ಡಿಗೇ ಬೆಸುಗೆಯಾಗಿವೆಯೇ ಎಂದು ಅದೇ ಕೈಪಿಡಿಯಲ್ಲಿ ನೋಡಿ. ತೆಳ್ಳನೆಯ ಯಂತ್ರಗಳಲ್ಲಿ ಬೆಸುಗೆಯಾಗಿರುವುದೇ ಹೆಚ್ಚು. ಹಾಗಿದ್ದರೆ ಮುಂದಿನ ಕೆಲಸ ನಿಮ್ಮ ಕೈಯದಲ್ಲ. ಸ್ಲಾಟ್ ಇದ್ದರೆ, ಚಾರ್ಜರ್ ತೆಗೆದು, ಅಡಿಯ ಮುಚ್ಚಳ ಬಿಚ್ಚಿ, ಬ್ಯಾಟರಿಯ ಕನೆಕ್ಟರ್ ಕಳಚಿ, ಪವರ್ ಬಟನ್ ಮೂವತ್ತು ಸೆಕೆಂಡ್ ಒತ್ತಿ ಹಿಡಿಯಿರಿ, ಉಳಿದ ಚಾರ್ಜ್ ಇಳಿಯಲಿ. ಬ್ಯಾಟರಿ ಕಳಚದೆ ರ‍್ಯಾಮ್ ಎಳೆಯುವುದು ದೊಡ್ಡ ತಪ್ಪು. ಯಂತ್ರ ಆಫ್ ಇದ್ದರೂ ಬೋರ್ಡಿನಲ್ಲಿ ಕರೆಂಟು ಇರುತ್ತದೆ, ಸ್ಲಾಟಿನ ಪಕ್ಕದ ಪಿನ್‌ಗಳು ಒಂದಕ್ಕೊಂದು ತಾಗಿದರೆ ಇಲ್ಲದ ದೋಷ ಹುಟ್ಟಿಕೊಳ್ಳುತ್ತದೆ.

ಕಡ್ಡಿಯ ಎರಡೂ ಬದಿಯ ಕ್ಲಿಪ್ ಅಗಲಿಸಿದರೆ ಅದು ತಾನೇ ಓರೆಯಾಗಿ ಮೇಲೇಳುತ್ತದೆ. ಬಂಗಾರದ ಬಣ್ಣದ ಪಟ್ಟಿಗಳನ್ನು ಐಸೊಪ್ರೊಪೈಲ್ ಆಲ್ಕೊಹಾಲ್ ತಾಗಿಸಿದ ಬಟ್ಟೆಯಿಂದ ಒರೆಸಿ. ನಮ್ಮಲ್ಲಿ ಎಲ್ಲರೂ ಪೆನ್ಸಿಲ್ ರಬ್ಬರ್ ಹಿಡಿಯುತ್ತಾರೆ, ಹಲವು ಸಲ ಕೆಲಸವೂ ಆಗುತ್ತದೆ. ಆದರೆ ರಬ್ಬರಿನ ಪುಡಿ ಸ್ಲಾಟಿಗೆ ಬಿದ್ದರೆ ಮತ್ತೊಂದು ತಲೆನೋವು, ಒತ್ತಿ ಉಜ್ಜಿದರೆ ತೆಳ್ಳನೆಯ ಲೇಪವೂ ಸವೆಯುತ್ತದೆ. ಕರಾವಳಿಯ ಮಳೆಗಾಲದಲ್ಲಿ ಬಳಸದೆ ಇಟ್ಟ ಯಂತ್ರ ಎಂದು ನೀವು ಬರೆದಿರುವುದರಿಂದ ನನ್ನ ಅನುಮಾನ ಮೊದಲು ಹೋಗುವುದು ಇಲ್ಲಿಗೇ. ದಿನಾ ಬಳಸುವ ಯಂತ್ರ ತನ್ನ ಬಿಸಿಗೆ ತಾನೇ ಒಣಗುತ್ತದೆ. ಕಪಾಟಿನಲ್ಲಿದ್ದದ್ದು ಉಪ್ಪುಗಾಳಿಯ ತೇವ ಹೀರುತ್ತಾ ಕೂತಿರುತ್ತದೆ.

ಎರಡು ಕಡ್ಡಿ, ಎರಡು ಸ್ಲಾಟ್ ಇದ್ದರೆ ಒಂದೊಂದೇ ಕಡ್ಡಿಯನ್ನು ಒಂದೊಂದೇ ಸ್ಲಾಟಿನಲ್ಲಿ ಹಾಕಿ ನೋಡಿ, ನಾಲ್ಕು ಪ್ರಯೋಗ. ಒಂದು ಕಡ್ಡಿ ಎರಡೂ ಸ್ಲಾಟಿನಲ್ಲಿ ಕೆಲಸ ಮಾಡಿ, ಇನ್ನೊಂದು ಎರಡರಲ್ಲೂ ಮಾಡದಿದ್ದರೆ ಕಡ್ಡಿಯದೇ ತಪ್ಪು. ಎರಡೂ ಕಡ್ಡಿಗಳು ಒಂದು ಸ್ಲಾಟಿನಲ್ಲಿ ಮಾತ್ರ ಕೆಲಸ ಮಾಡಿದರೆ ಸ್ಲಾಟಿನದು. ಪ್ರತಿ ಸಲವೂ ತಾಳ್ಮೆ ಇರಲಿ. ಬ್ಯಾಟರಿ ಕಳಚಿ ರ‍್ಯಾಮ್ ಬದಲಿಸಿದ ಮೇಲಿನ ಮೊದಲ ಆರಂಭದಲ್ಲಿ ಬಯಾಸ್ ರ‍್ಯಾಮನ್ನು ಹೊಸದಾಗಿ ಪಳಗಿಸಿಕೊಳ್ಳುತ್ತದೆ. ಒಂದೆರಡು ನಿಮಿಷ ಸ್ಕ್ರೀನ್ ಕಪ್ಪಾಗೇ ಇರಬಹುದು, ತಾನೇ ಆಫ್ ಆಗಿ ಆನ್ ಆಗಬಹುದು. ಅಷ್ಟರಲ್ಲಿ ಗಾಬರಿಯಾಗಿ ಬಟನ್ ಒತ್ತಿ ನಿಲ್ಲಿಸಿದರೆ ಪರೀಕ್ಷೆ ಅಲ್ಲಿಗೇ ಕೆಟ್ಟಿತು.

ಈ ಹಂತದಲ್ಲಿ ಸಂಕೇತ ಬದಲಾದರೆ ಅದನ್ನು ಬರೆದಿಟ್ಟುಕೊಳ್ಳಿ, ಅದರಷ್ಟು ಬೆಲೆಯ ಸುಳಿವು ಇನ್ನೊಂದಿಲ್ಲ. ಉದಾಹರಣೆಗೆ 2,3 ಹೋಗಿ 2,4 ಬಂತು ಎನ್ನಿ. ಪಟ್ಟಿಯಲ್ಲಿ 2,4 ಎಂದರೆ ಮೆಮೊರಿ ದೋಷ. ಕೇಳಲು ಎರಡೂ ಒಂದೇ, ಆದರೆ ಒಂದಲ್ಲ. ಪ್ರತಿ ರ‍್ಯಾಮ್ ಕಡ್ಡಿಯ ಮೇಲೂ ಅದರ ಗಾತ್ರ, ವೇಗ ಬರೆದಿರುವ ಒಂದು ಪುಟಾಣಿ ಚಿಪ್ ಇರುತ್ತದೆ. ಬಯಾಸ್ ಮೊದಲು ಓದುವುದು ಅದನ್ನು. ಹಾಜರಿ ಕರೆದಾಗ ಯಾರೂ ಉತ್ತರಿಸದಿದ್ದರೆ 2,3. ಹಾಜರಿ ಹೇಳಿದ ಹುಡುಗ ಲೆಕ್ಕ ಮಾಡಲಾರದೆ ಹೋದರೆ 2,4. ಒರೆಸಿ ಹಾಕಿದ ಮೇಲೆ 2,4 ಬಂದರೆ ಸ್ಲಾಟಿನ ಕೆಲವು ಪಿನ್‌ಗಳಾದರೂ ಜೀವಂತವಾಗಿವೆ, ಪ್ರೊಸೆಸರ್ ಓಡುತ್ತಿದೆ, ಬಯಾಸ್ ಸರಿಯಿದೆ ಎಂದೆಲ್ಲ ಒಂದೇ ಏಟಿಗೆ ಗೊತ್ತಾಗುತ್ತದೆ. "ಮದರ್‌ಬೋರ್ಡ್ ಹೋಗಿದೆ" ಎಂಬ ಮಾತು ಆಗ ತುಂಬ ಸಡಿಲವಾಗುತ್ತದೆ.

ಇದನ್ನೇ ತಿರುಗಿಸಿ ಬಳಸುವುದೂ ಉಂಟು. ಯಂತ್ರ ಬೇರೆ ಯಾವುದೋ ಸಂಕೇತ ತೋರಿಸುತ್ತಿದ್ದರೆ ಬೇಕೆಂದೇ ರ‍್ಯಾಮ್ ಪೂರ್ತಿ ತೆಗೆದು ಆನ್ ಮಾಡುತ್ತೇನೆ. ಈಗ 2,3 ಬಂದರೆ ಯಂತ್ರಕ್ಕೆ ಸತ್ಯ ಹೇಳಲು ಬರುತ್ತದೆ ಎಂದಾಯಿತು. ರ‍್ಯಾಮ್ ತೆಗೆದರೂ ಹಳೆಯ ಸಂಕೇತವೇ ಬಂದರೆ ಬಯಾಸ್ ಆ ಹಂತದವರೆಗೂ ಬಂದಿಲ್ಲ, ದೋಷ ಅದಕ್ಕಿಂತ ಹಿಂದೆ ಇದೆ.

ನನ್ನ ಬೆಂಚಿನ ಮೇಲೆ ಬಂದ ಒಂದು ಯಂತ್ರದ ಕತೆ ಹೇಳುತ್ತೇನೆ. ಯಾವ ಕಂಪನಿಯದೆಂಬುದು ಬೇಡ. ಮೆಮೊರಿ ಕಾಣುತ್ತಿಲ್ಲ ಎಂಬ ಸಂಕೇತ. ನಾಲ್ಕೂ ಪ್ರಯೋಗ ಮಾಡಿದೆ, ಅದೇ ಸಂಕೇತ. ನನ್ನಲ್ಲಿದ್ದ ಸರಿಯಾದ ಕಡ್ಡಿ ಹಾಕಿದೆ, ಅದೇ. ಆಗ ಮೀಟರ್ ತೆಗೆದೆ. ಅದು ಡಿಡಿಆರ್4 ಎಂಬ ತಲೆಮಾರಿನ ರ‍್ಯಾಮ್ ಇರುವ ಯಂತ್ರ, ಸ್ಲಾಟಿಗೆ 1.2 ವೋಲ್ಟ್ ಬರಬೇಕು, ಜೊತೆಗೆ 2.5 ವೋಲ್ಟ್. ಎರಡೂ ಬರುತ್ತಿದ್ದವು. ಕರೆಂಟು ಇದೆ, ಕಡ್ಡಿ ಸರಿ ಇದೆ, ಉಳಿದದ್ದು ಸ್ಲಾಟ್ ಮತ್ತು ಪ್ರೊಸೆಸರ್. ಪ್ರೊಸೆಸರ್ ಎಂದು ಹೇಳಲು ಮನಸ್ಸು ಬರಲಿಲ್ಲ, ಕನ್ನಡಿ ಹಿಡಿದು ಸ್ಲಾಟಿನ ಒಳಗೆ ನೋಡಿದೆ. ಒಂದು ಕೆಂಪಿರುವೆ ಪಿನ್ನುಗಳ ನಡುವೆ ಸಿಕ್ಕಿ ಸತ್ತಿತ್ತು, ಸುತ್ತ ಹಸಿರು ಪಾಚಿಯಂಥ ತುಕ್ಕು. ಆ ಸ್ಲಾಟಿಗೆ ಹೋಗುವ ಕೆಲವು ಎಳೆಗಳು ಪಕ್ಕದ ಸ್ಲಾಟಿಗೂ ಹಂಚಿಕೆಯಾಗಿರುವುದರಿಂದ ಎರಡೂ ಸ್ಲಾಟ್ ಮೂಕವಾಗಿದ್ದವು. ಮೃದು ಬ್ರಷ್ಷಿನಿಂದ ಆಲ್ಕೊಹಾಲ್ ಹಾಕಿ ತೊಳೆದು, ಒಂದು ರಾತ್ರಿ ಒಣಗಿಸಿ, ಬೆಳಿಗ್ಗೆ ಆನ್ ಮಾಡಿದರೆ ಎದ್ದಿತು. ಅದಕ್ಕೂ ಮೊದಲು ಬೇರೆ ಕಡೆ ಅದಕ್ಕೆ "ಬೋರ್ಡ್ ಡೆಡ್" ಎಂದು ಚೀಟಿ ಬರೆದು ಅಂಟಿಸಿದ್ದರು.

ಕಡ್ಡಿ ಹೊಸದು ಕೊಳ್ಳುವುದಾದರೆ ಒಂದು ಎಚ್ಚರ. ಯಂತ್ರ ಹಳೆಯದಾಗಿದ್ದು ಡಿಡಿಆರ್3 ಕಾಲದ್ದಾದರೆ ಹಳೆಯ ಕಡ್ಡಿಯ ಚೀಟಿಯಲ್ಲಿ PC3 ಎಂದಿದೆಯೋ PC3L ಎಂದಿದೆಯೋ ನೋಡಿ. ಮೊದಲನೆಯದಕ್ಕೆ 1.5 ವೋಲ್ಟ್ ಬೇಕು, ಎರಡನೆಯದು 1.35ರಲ್ಲಿ ನಡೆಯುತ್ತದೆ. ಎರಡೂ ಒಂದೇ ಸ್ಲಾಟಿಗೆ ಕಚ್ಚನೆ ಕೂರುತ್ತವೆ. 1.35 ಮಾತ್ರ ಕೊಡುವ ಯಂತ್ರಕ್ಕೆ ಮೊದಲನೆಯದನ್ನು ಹಾಕಿದರೆ ಕಡ್ಡಿಯೂ ಸರಿ, ಯಂತ್ರವೂ ಸರಿ, ಆದರೂ ಮಿಣುಕು ನಿಲ್ಲುವುದಿಲ್ಲ.

ಇಷ್ಟೆಲ್ಲ ಮಾಡಿದರೂ 2,3 ಬಿಡದಿದ್ದರೆ ಅಂಗಡಿಗೆ ಹೋಗಿ, ಆದರೆ ಬೇರೆ ಪ್ರಶ್ನೆ ಇಟ್ಟುಕೊಂಡು ಹೋಗಿ: ರ‍್ಯಾಮ್ ಸ್ಲಾಟಿನ ವೋಲ್ಟೇಜ್ ಎಷ್ಟು ಬಂತು? ಬರುತ್ತಿಲ್ಲ ಎಂದರೆ ಅದನ್ನು ತಯಾರಿಸುವ ಐಸಿ ಬದಲಿಸುವ ಚಿಪ್ ಲೆವೆಲ್ ರಿಪೇರಿ ಸಾಕಾಗಬಹುದು, ಇಡೀ ಬೋರ್ಡ್ ಬೇಕಾಗುವುದಿಲ್ಲ. ಬರುತ್ತಿದೆ, ಸ್ಲಾಟೂ ಶುಚಿಯಿದೆ, ಸರಿಯೆಂದು ಗೊತ್ತಿರುವ ಕಡ್ಡಿಯೂ ಕಾಣುತ್ತಿಲ್ಲ ಎಂದರೆ ದೋಷ ಪ್ರೊಸೆಸರಿನಲ್ಲೋ ಅದರ ಬೆಸುಗೆಯಲ್ಲೋ ಇದೆ, ಆಗ 14,000ದ ಮಾತು ಒಪ್ಪತಕ್ಕದ್ದೇ. ಮೀಟರೇ ಇಟ್ಟಿಲ್ಲ ಎಂದರೆ ಯಂತ್ರ ವಾಪಸ್ ತೆಗೆದುಕೊಂಡು ಬನ್ನಿ.

ಒರೆಸಿದ್ದಕ್ಕೇ ಎದ್ದುಬಿಟ್ಟರೆ ಅಲ್ಲಿಗೆ ಬಿಡಬೇಡಿ. ಡೆಲ್ ಆದರೆ ಆನ್ ಮಾಡಿದ ಕೂಡಲೇ F12 ಒತ್ತಿ ಡಯಾಗ್ನೋಸ್ಟಿಕ್ಸ್ ಆರಿಸಿ ಮೆಮೊರಿ ಪರೀಕ್ಷೆ ಪೂರ್ತಿ ಓಡಿಸಿ. ವಿಂಡೋಸ್ ಒಳಗಿಂದಾದರೆ ರನ್ ಪೆಟ್ಟಿಗೆಯಲ್ಲಿ ಇದನ್ನು ಟೈಪ್ ಮಾಡಿದರೂ ಆಗುತ್ತದೆ, ತೆರೆಯುವ ಪೆಟ್ಟಿಗೆಯಲ್ಲಿ ಈಗಲೇ ರೀಸ್ಟಾರ್ಟ್ ಎಂಬುದನ್ನು ಆರಿಸಿದರೆ ಯಂತ್ರ ರೀಸ್ಟಾರ್ಟ್ ಆಗಿ ಪರೀಕ್ಷೆ ಶುರುವಾಗುತ್ತದೆ:

```
mdsched.exe
```

ಒಂದೇ ಒಂದು ತಪ್ಪು ತೋರಿಸಿದರೂ ಆ ಕಡ್ಡಿ ಬದಲಿಸಿ. ತುಕ್ಕು ಮತ್ತೆ ಕೂರುವುದಕ್ಕೆ ಕುಂದಾಪುರದಲ್ಲಿ ಇನ್ನೊಂದು ಮಳೆಗಾಲ ಸಾಕು. ಮುಂದಿನ ಸಲ ಲ್ಯಾಪ್‌ಟಾಪನ್ನು ಕಪಾಟಿನಲ್ಲಿ ಇಡಲೇಬೇಕಾದರೆ ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣ ಹಾಕಿ ಇಡಿ, ಹದಿನೈದು ದಿನಕ್ಕೊಮ್ಮೆ ತೆಗೆದು ಒಂದು ಗಂಟೆ ಆನ್ ಮಾಡಿ.